ಐದಡಿಯ ಮೇಲಿನ ಪ್ರತಿ ಇಂಚಿಗೆ 2.3 ಕಿಲೋ: ಆದರ್ಶ ತೂಕದ ಲೆಕ್ಕ ಎಲ್ಲಿಂದ ಬಂತು?

ಕಾಸರಗೋಡಿನಿಂದ ಬದಿಯಡ್ಕ, ಪೆರ್ಲದವರೆಗೆ ಯಾವ ಊರಿನ ಕ್ಲಿನಿಕ್ಕಿಗೆ ಹೋದರೂ ಎತ್ತರಕ್ಕೆ ತಕ್ಕ ತೂಕದ ಒಂದು ಕೋಷ್ಟಕ ಗೋಡೆಯ ಮೇಲೋ ಡೈರಿಯ ಕೊನೆಯ ಪುಟದಲ್ಲೋ ಕಣ್ಣಿಗೆ ಬೀಳುವುದುಂಟು. ಕೋಷ್ಟಕ ಇಲ್ಲದಿದ್ದರೆ ಬಾಯಿಲೆಕ್ಕ ಇದ್ದೇ ಇದೆ. ಸೆಂಟಿಮೀಟರಿನಲ್ಲಿ ಅಳೆದ ಎತ್ತರದಿಂದ 100 ಕಳೆಯಿರಿ ಎನ್ನುವುದು ಒಂದು ಲೆಕ್ಕ. ಐದಡಿಗೆ ಇಷ್ಟು, ಅದರ ಮೇಲಿನ ಪ್ರತಿ ಇಂಚಿಗೆ ಇಷ್ಟು ಎನ್ನುವುದು ಇನ್ನೊಂದು. ಇವುಗಳಲ್ಲಿ ಹೊಂದಿಕೊಂಡರೆ ಆರೋಗ್ಯ, ಹೊಂದದಿದ್ದರೆ ರೋಗ ಎಂದು ಓದಿದವರೂ ನಂಬಿರುವುದನ್ನು ಕಂಡಾಗ ಈ ಸಂಖ್ಯೆಗಳ ಹುಟ್ಟನ್ನು ಬಿಡಿಸಿ ಹೇಳಲೇಬೇಕು ಎನ್ನಿಸುತ್ತದೆ. ಏಕೆಂದರೆ ಹೆಚ್ಚು ಪ್ರಚಾರದಲ್ಲಿರುವ ಕೋಷ್ಟಕ ಹುಟ್ಟಿದ್ದು ವಿಮಾ ಕಂಪನಿಯಲ್ಲಿ, ಹೆಚ್ಚು ಪ್ರಚಾರದಲ್ಲಿರುವ ಸೂತ್ರ ಹುಟ್ಟಿದ್ದು ಒಂದು ಔಷಧದ ಪ್ರಮಾಣವನ್ನು ನಿರ್ಧರಿಸುವುದಕ್ಕಾಗಿ.

ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಸಂಸ್ಥೆ 1940ರ ದಶಕದ ಆರಂಭದಲ್ಲಿ ಇಂತಹ ಕೋಷ್ಟಕಗಳನ್ನು ಪ್ರಕಟಿಸಿತು; 1959ರಲ್ಲಿ ಒಮ್ಮೆ, 1983ರಲ್ಲಿ ಮತ್ತೊಮ್ಮೆ ಅವುಗಳನ್ನು ಪರಿಷ್ಕರಿಸಿತು. ಪಾಲಿಸಿ ಮಾಡಿಸಿಕೊಂಡವರಲ್ಲಿ ಯಾವ ತೂಕದವರು ಕಡಿಮೆ ಸಂಖ್ಯೆಯಲ್ಲಿ ಸತ್ತರು ಎಂಬುದೇ ಅದರ ಆಧಾರ. ಸಾವಿನ ಲೆಕ್ಕವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಇಟ್ಟವರು ಆ ಕಾಲದಲ್ಲಿ ವಿಮೆಯವರನ್ನು ಬಿಟ್ಟರೆ ವಿರಳವಾಗಿದ್ದುದರಿಂದ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಪಾಲಿಸಿ ಕೊಳ್ಳುವ ಶಕ್ತಿಯಿದ್ದವರು ಬಹುತೇಕ ಮಧ್ಯಮ ವರ್ಗದ ಬಿಳಿಯರು. ತೂಕವನ್ನು ದಾಖಲಿಸಿದ್ದು ಪಾಲಿಸಿ ಮಾಡಿಸುವಾಗ ಒಂದು ಸಲ ಮಾತ್ರ. ಆಮೇಲೆ ಆ ವ್ಯಕ್ತಿ ದಪ್ಪವಾದನೋ ತೆಳ್ಳಗಾದನೋ ಕಂಪನಿಗೆ ತಿಳಿಯದು. ಧೂಮಪಾನ ಮಾಡುವವರನ್ನು ಬೇರ್ಪಡಿಸಿರಲಿಲ್ಲ. ಧೂಮಪಾನ ತೂಕವನ್ನೂ ಇಳಿಸುತ್ತದೆ, ಆಯುಷ್ಯವನ್ನೂ ಕಡಿಮೆ ಮಾಡುತ್ತದೆ. ಹೀಗಾಗಿ ಅಂಥವರ ಸಾವು ತೆಳ್ಳಗಿನವರ ಲೆಕ್ಕಕ್ಕೆ ಸೇರಿ, ತೆಳುವಾಗಿರುವುದು ನಿಜಕ್ಕಿಂತ ಹೆಚ್ಚು ಅಪಾಯಕರವಾಗಿ ಕಾಣುತ್ತದೆ.

1959ರ ಕೋಷ್ಟಕದಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಬಗೆಯ ಮೈಕಟ್ಟುಗಳಿಗೆ ಬೇರೆ ಬೇರೆ ಕಂಬಗಳಿದ್ದವು. ಯಾರದು ಯಾವ ಮೈಕಟ್ಟು ಎಂದು ಅಳೆಯುವ ಕ್ರಮವನ್ನು ಮಾತ್ರ ಅದರಲ್ಲಿ ಹೇಳಿರಲಿಲ್ಲ. ಮೊಣಕೈಯ ಮೂಳೆಯ ಅಗಲವನ್ನು ನೋಡಬೇಕೆಂಬ ಸೂಚನೆ ಬಂದದ್ದು 1983ರಲ್ಲಿ. ಇನ್ನೊಂದು ವಿಷಯ ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಆ ಕೋಷ್ಟಕದ ಎತ್ತರ ಬರಿಗಾಲಿನ ಎತ್ತರವಲ್ಲ. ಗಂಡಸರಿಗೆ ಒಂದು ಇಂಚು, ಹೆಂಗಸರಿಗೆ ಎರಡು ಇಂಚು ಹಿಮ್ಮಡಿಯಿರುವ ಬೂಟನ್ನು ಹಾಕಿಕೊಂಡ ಎತ್ತರ ಅದು. ತೂಕವೂ ಬಟ್ಟೆ ಸಹಿತ. ಚಪ್ಪಲಿ ಕಳಚಿ ಅಳತೆಗೋಲಿಗೆ ಬೆನ್ನು ಕೊಟ್ಟು ನಿಂತ ಐದಡಿಯ ಹೆಂಗಸು ಅದೇ ಐದಡಿಯ ಸಾಲನ್ನು ಓದಿದರೆ ಎರಡು ಸಾಲು ಮೇಲಕ್ಕೆ ಓದಿದಂತಾಗುತ್ತದೆ, ಮತ್ತು ಅವಳ ‘ಸರಿಯಾದ’ ತೂಕ ಸುಮಾರು ಎರಡೂವರೆ ಕಿಲೋ ಕಡಿಮೆಯಾಗುತ್ತದೆ.

ಇನ್ನು ಸೂತ್ರ. ಅಮೆರಿಕದ ಡಿವೈನ್ ಎಂಬವರು 1974ರಲ್ಲಿ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕುರಿತು ಬರೆದ ಲೇಖನದಲ್ಲಿ ಇದು ಬರುತ್ತದೆ: ಗಂಡಸರಿಗೆ ಐದಡಿಗೆ 50 ಕಿಲೋ, ಹೆಂಗಸರಿಗೆ 45.5 ಕಿಲೋ, ಐದಡಿಯ ಮೇಲೆ ಪ್ರತಿ ಇಂಚಿಗೆ ಇಬ್ಬರಿಗೂ 2.3 ಕಿಲೋ. ಜೆಂಟಾಮೈಸಿನ್ ನೀರಿನಲ್ಲಿ ಕರಗುವ ಔಷಧ. ಕೊಬ್ಬಿನೊಳಗೆ ಅದು ಹೆಚ್ಚು ಇಳಿಯುವುದಿಲ್ಲ. 100 ಕಿಲೋ ತೂಗುವ ಸ್ಥೂಲಕಾಯದ ರೋಗಿಗೆ ಪೂರ್ತಿ ತೂಕಕ್ಕೆ ಲೆಕ್ಕಹಾಕಿ ಮದ್ದು ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಮಿತಿಮೀರಿ ಮೂತ್ರಪಿಂಡಕ್ಕೂ ಕಿವಿಯ ನರಕ್ಕೂ ಹಾನಿಯಾಗುವ ಭಯವಿದೆ. ಆದ್ದರಿಂದ ಕೊಬ್ಬಿನ ಹೆಚ್ಚುವರಿ ಭಾಗವನ್ನು ಬಿಟ್ಟು, ಎತ್ತರದಿಂದಲೇ ಒಂದು ತೂಕವನ್ನು ಊಹಿಸಿಕೊಳ್ಳುವ ಸುಲಭ ಮಾರ್ಗ ಬೇಕಾಗಿತ್ತು. ಆಗಲೇ ಬಳಕೆಯಲ್ಲಿದ್ದ ಪೌಂಡ್ ಮತ್ತು ಇಂಚಿನ ಬಾಯಿಲೆಕ್ಕವೇ ಕಿಲೋಗೆ ಬದಲಾಗಿ ಈ ರೂಪ ತಾಳಿತು. ಮದ್ದಿನ ಪ್ರಮಾಣಕ್ಕೆ ಇದು ಇಂದಿಗೂ ಉಪಯುಕ್ತ. ಆರೋಗ್ಯವಂತನಾದ ಮನುಷ್ಯ ಎಷ್ಟು ತೂಗಬೇಕು ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಇರಲಿಲ್ಲ.

ಸೂತ್ರ ಐದಡಿಯಿಂದ ಶುರುವಾಗುವುದನ್ನು ಗಮನಿಸಬೇಕು. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಐದಡಿಯೇ. ಹೀಗಾಗಿ ನಮ್ಮ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಿಷಯದಲ್ಲಿ ಈ ಸೂತ್ರಕ್ಕೆ ಹೇಳುವುದೇನೂ ಇಲ್ಲ. 147 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಇಂಚುಗಳನ್ನು ಕೂಡುವ ಬದಲು ಕಳೆದು ನೋಡಿದರೆ ಸುಮಾರು 40.6 ಕಿಲೋ ಬರುತ್ತದೆ. ಎತ್ತರದಿಂದ 100 ಕಳೆಯುವ ಲೆಕ್ಕದಲ್ಲಿ 47 ಕಿಲೋ. ಒಬ್ಬಳೇ ಹೆಂಗಸಿನ ಎರಡು ‘ಆದರ್ಶ’ಗಳ ನಡುವೆ ಆರು ಕಿಲೋಗಿಂತ ಹೆಚ್ಚಿನ ಅಂತರ.

ಸೂತ್ರಕ್ಕೆ ಸಲೀಸಾಗಿ ಒಗ್ಗುವ ಎತ್ತರದವರಲ್ಲಿ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಪೆರ್ಲದ ಕಡೆಯ ಇಬ್ಬರು ಗಂಡಸರಿದ್ದಾರೆ ಎಂದುಕೊಳ್ಳಿ. ಇಬ್ಬರಿಗೂ 45 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 62 ಕಿಲೋ. ಒಬ್ಬರು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು, ಇನ್ನೊಬ್ಬರು ದಿನವಿಡೀ ಅಂಗಡಿಯಲ್ಲಿ ಕುಳಿತಿರುವವರು. ಡಿವೈನ್ ಸೂತ್ರದ ಪ್ರಕಾರ ಈ ಎತ್ತರಕ್ಕೆ 61.4 ಕಿಲೋ ಸರಿ. ಇಬ್ಬರೂ ಬಹುತೇಕ ಅಲ್ಲೇ ಇದ್ದಾರೆ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಬಿ.ಎಂ.ಐ. ಇಬ್ಬರದೂ 22.8, ಅದೂ ಮಿತಿಯೊಳಗೇ ಇದೆ. ಈಗ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ. ಮರ ಹತ್ತುವವರದು 78 ಸೆಂಟಿಮೀಟರ್, ಅಂಗಡಿಯವರದು 92. ಎರಡನೆಯವರ ತೂಕದಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯ ಭಾಗದಲ್ಲಿ. ಬರಿಹೊಟ್ಟೆಯ ಸಕ್ಕರೆ, ರಕ್ತದೊತ್ತಡ ಮತ್ತು ಕೊಬ್ಬಿನಂಶದ ಪರೀಕ್ಷೆ ತುರ್ತಾಗಿ ಬೇಕಾಗಿರುವುದು ಇವರಿಗೆ. ಆದರೆ ಗೋಡೆಯ ಕೋಷ್ಟಕ ಇವರಿಗೂ ನಿಶ್ಚಿಂತೆಯನ್ನೇ ಹಂಚುತ್ತದೆ.

ಇಂತಹ ವ್ಯತ್ಯಾಸ ಕಲ್ಪನೆಯದ್ದಷ್ಟೇ ಅಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ.ಯೂ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ಭಾರತೀಯರಲ್ಲಿ ಇದು ಹುಟ್ಟಿನಿಂದಲೇ ಇರುತ್ತದೆ ಎಂದು ಯಾಜ್ಞಿಕ್ ತಂಡ ಅದಕ್ಕೂ ಮೊದಲೇ ತೋರಿಸಿತ್ತು: ಪುಣೆಯ ಹಳ್ಳಿಗಳ ನವಜಾತ ಶಿಶುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು 3.5 ಕಿಲೋ ತೂಗುತ್ತಿದ್ದವು. ಇಷ್ಟು ಚಿಕ್ಕದಾಗಿದ್ದರೂ ಪುಣೆಯ ಶಿಶುಗಳಲ್ಲಿ ಸ್ನಾಯು ಕುಗ್ಗಿದಷ್ಟು ಚರ್ಮದಡಿಯ ಕೊಬ್ಬು ಕುಗ್ಗಿರಲಿಲ್ಲ.

ಹೊಟ್ಟೆಯ ಕೊಬ್ಬಿಗೆ ಇಷ್ಟು ಮಹತ್ವವೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತೊಡೆ, ಪೃಷ್ಠಗಳ ಚರ್ಮದಡಿ ಸೇರುವ ಕೊಬ್ಬು ಅಷ್ಟಾಗಿ ತೊಂದರೆ ಕೊಡುವುದಿಲ್ಲ; ಅದು ಶೇಖರಣೆಗೆಂದೇ ಇರುವ ಜಾಗ. ಆ ಜಾಗದ ಸಾಮರ್ಥ್ಯ ಎಲ್ಲರಲ್ಲೂ ಒಂದೇ ಅಲ್ಲ. ಅಟ್ಟ ತುಂಬಿದ ಮೇಲೆ ಅಡಿಕೆಯ ಗೋಣಿಗಳನ್ನು ನಡುಮನೆಯಲ್ಲಿ, ಅಡುಗೆಮನೆಯಲ್ಲಿ ಪೇರಿಸಬೇಕಾಗುವಂತೆ, ಚರ್ಮದಡಿಯಲ್ಲಿ ಹಿಡಿಸದ ಕೊಬ್ಬು ಕರುಳಿನ ಸುತ್ತ, ಯಕೃತ್ತಿನೊಳಗೆ, ಸ್ನಾಯುವಿನೊಳಗೆ ಸೇರತೊಡಗುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನಿಂದ ಬಿಡುಗಡೆಯಾಗುವ ಮೇದಾಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳವನ್ನು ಸೇರುತ್ತವೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದೆ, ಊಟವಾದ ಮೇಲೂ ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ. ತೂಕದ ಯಂತ್ರಕ್ಕೆ ಕಿಲೋಗಳಷ್ಟೇ ಕಾಣುತ್ತವೆ. ಆ ಕಿಲೋಗಳು ದೇಹದಲ್ಲಿ ಎಲ್ಲಿವೆ ಎಂಬುದು ಕಾಣುವುದಿಲ್ಲ.

ಹಾಗಾದರೆ ‘ಆರೋಗ್ಯಕರ ಮಿತಿ’ ಎಂದರೇನು? ಸಾವಿರಾರು ಜನರ ತೂಕವನ್ನೂ ಅವರಿಗೆ ಬಂದ ರೋಗಗಳನ್ನೂ ರೇಖೆಯಾಗಿ ಬರೆದರೆ ಅದು ಎರಡೂ ತುದಿಗಳಲ್ಲಿ ಏರಿ ನಡುವೆ ಅಗಲವಾಗಿ ಸಪಾಟಾಗಿರುತ್ತದೆ. ಆ ಸಪಾಟು ಭಾಗದಲ್ಲಿ ಮೂರು ಕಿಲೋ ಆಚೀಚೆಯಾದರೆ ಅಪಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 18.5ರಿಂದ 24.9ರವರೆಗಿನ ಬಿ.ಎಂ.ಐ. ಮಿತಿ ಹೀಗೆ ಗುರುತಿಸಿದ್ದು. ಏಷ್ಯಾದವರಲ್ಲಿ ಅಪಾಯ ಏರತೊಡಗುವ ಜಾಗ ದೇಶದಿಂದ ದೇಶಕ್ಕೆ 22ರಿಂದ 25ರವರೆಗೆ ಬದಲಾಗುತ್ತದೆಂದು ಕಂಡುಬಂದಾಗ, 2004ರಲ್ಲಿ 23ನ್ನು ಎಚ್ಚರಿಕೆಯ ಮಟ್ಟವಾಗಿ ಸೇರಿಸಲಾಯಿತು. ಭಾರತದ ತಜ್ಞರೂ 2009ರಲ್ಲಿ 23ನ್ನೇ ಒಪ್ಪಿಕೊಂಡರು. 165 ಸೆಂಟಿಮೀಟರ್ ಎತ್ತರದವರಿಗೆ ಇದು ಸರಿಸುಮಾರು 50ರಿಂದ 62 ಕಿಲೋ. ಒಂದೇ ಎತ್ತರದವರಲ್ಲಿ ಹನ್ನೆರಡು ಕಿಲೋಗಳ ಅಂತರ ಸಹಜವಾದುದು ಎಂಬುದೇ ಇಲ್ಲಿನ ಮುಖ್ಯ ವಿಷಯ. 22.9ರಲ್ಲಿ ಕ್ಷೇಮ, 23.1ರಲ್ಲಿ ಕೇಡು ಎಂದು ಇದನ್ನು ಓದಬಾರದು. ಜನಸಮುದಾಯದಲ್ಲಿ ಯಾರನ್ನು ಮುಂದಿನ ಪರೀಕ್ಷೆಗೆ ಕರೆಯಬೇಕೆಂದು ಆರಿಸುವ ಗೆರೆ ಅದು.

ಮುಂದಿನ ಪರೀಕ್ಷೆಗಳಲ್ಲಿ ಮೊದಲನೆಯದು ಟೇಪು. ಮೂವತ್ತು ದಾಟಿದವರ ತಪಾಸಣೆಗೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರ ನಮೂನೆಯಲ್ಲಿ ಸುತ್ತಳತೆಗೆ ಅಂಕವಿದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದಾಗ ಅಂಕ ಏರತೊಡಗುತ್ತದೆ. ಕುಳ್ಳಗಿರುವವರು ಸುತ್ತಳತೆ ತಮ್ಮ ಎತ್ತರದ ಅರ್ಧದೊಳಗಿದೆಯೇ ಎಂದೂ ನೋಡಿಕೊಳ್ಳಬಹುದು. ಅಳೆಯುವ ಜಾಗ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಪ್ಯಾಂಟಿನ ಸೈಜನ್ನು ಸುತ್ತಳತೆ ಎಂದು ಹೇಳುವವರೇ ಹೆಚ್ಚು. ಹೊಟ್ಟೆ ಬಂದವರ ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುವುದರಿಂದ ಅದು ವರ್ಷಗಳ ಕಾಲ ಬದಲಾಗುವುದೇ ಇಲ್ಲ. ಕೊನೆಯ ಪಕ್ಕೆಲುಬಿನ ಅಂಚಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯದಲ್ಲಿ, ಮುಂಡನ್ನೋ ಸೀರೆಯನ್ನೋ ಸಡಿಲಿಸಿ, ಟೇಪನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಉಸಿರನ್ನು ಸಹಜವಾಗಿ ಬಿಟ್ಟು ಅಳೆಯಬೇಕು. ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು.

ವಯಸ್ಸಾದವರಲ್ಲಿ ಈ ಎಲ್ಲ ಲೆಕ್ಕಗಳನ್ನೂ ಇನ್ನಷ್ಟು ಜಾಗ್ರತೆಯಿಂದ ನೋಡಬೇಕು. ಎಪ್ಪತ್ತರ ನಂತರ ಬೆನ್ನೆಲುಬು ಕುಸಿದು ಎತ್ತರ ಕಡಿಮೆಯಾಗುವುದರಿಂದ, ತೂಕ ಏರದಿದ್ದರೂ ಬಿ.ಎಂ.ಐ. ಏರಿದಂತೆ ಕಾಣುತ್ತದೆ, ಇನ್ನೊಂದೆಡೆ ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬು ತುಂಬಿದರೆ ತೂಕ ಬದಲಾಗದೆಯೇ ಕೈಕಾಲಿನ ಬಲ ಕುಂದುತ್ತದೆ. ಅವರ ವಿಷಯದಲ್ಲಿ ಹೆಚ್ಚು ಹೇಳುವುದು ಅವರದೇ ಹಿಂದಿನ ತೂಕ. 60 ಕಿಲೋ ಇದ್ದ ಅಜ್ಜಿ ಪಥ್ಯವನ್ನೇನೂ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ 57ಕ್ಕೆ ಇಳಿದರೆ, ಕೋಷ್ಟಕ ಅದನ್ನು ಸುಧಾರಣೆ ಎಂದು ತೋರಿಸಿದರೂ, ಶೇ. 5ರಷ್ಟು ಕಾರಣವಿಲ್ಲದ ಆ ಇಳಿಕೆಯನ್ನು ವೈದ್ಯರಿಗೆ ತಿಳಿಸಿ, ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್, ಕ್ಯಾನ್ಸರ್, ಖಿನ್ನತೆ, ಕೊನೆಗೆ ಅಗಿಯಲಾಗದ ಹಲ್ಲಿನವರೆಗೆ ಎಲ್ಲವನ್ನೂ ಪರಿಶೀಲಿಸಬೇಕಾಗುತ್ತದೆ.