ಕೆ-ಮ್ಯಾಪಿನಲ್ಲಿ 01 ಆದ ಮೇಲೆ 11 ಏಕೆ?

ಕಾರ್ನೊ ಮ್ಯಾಪಿನ ತಲೆಸಾಲಿನಲ್ಲಿ 00, 01, 11, 10 ಎಂದು ಬರೆಯುವುದನ್ನು ಡಿಪ್ಲೊಮಾದಲ್ಲೇ ಕಲಿಸುತ್ತಾರೆ. ಆ ಕ್ರಮ ಎಲ್ಲಿಂದ ಬಂತು ಎಂಬುದು ಗೊತ್ತಿದ್ದರೆ, ಪರೀಕ್ಷೆಯಲ್ಲಿ ತಪ್ಪು ಆಯ್ಕೆ ಯಾಕೆ ಸರಿಯಂತೆ ಕಾಣುತ್ತದೆ ಎಂಬುದೂ ಗೊತ್ತಾಗುತ್ತದೆ.

ತರ್ಕವನ್ನು ಬೀಜಗಣಿತದ ಹಾಗೆ ಬರೆಯುವ ಕೆಲಸವನ್ನು ಜಾರ್ಜ್ ಬೂಲ್ 1847 ಮತ್ತು 1854ರ ಪುಸ್ತಕಗಳಲ್ಲಿ ಮಾಡಿದ್ದ. ಅದು ವಿದ್ಯುತ್ ಮಂಡಲಗಳಿಗೆ ಬಂದದ್ದು 1937ರಲ್ಲಿ. ಎಂಐಟಿಯ ವಿದ್ಯಾರ್ಥಿ ಕ್ಲಾಡ್ ಶ್ಯಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ರಿಲೇ ಜಾಲಗಳನ್ನು ಬೂಲಿಯನ್ ಸಮೀಕರಣಗಳಾಗಿ ಬರೆದು ತೋರಿಸಿದ. ಸಮೀಕರಣ ಚಿಕ್ಕದಾದಷ್ಟೂ ರಿಲೇ ಸಂಪರ್ಕಗಳು ಕಡಿಮೆ. ಆದರೆ ಸೂತ್ರಗಳನ್ನು ಹಾಕುತ್ತ ಚಿಕ್ಕದು ಮಾಡುವಾಗ ಯಾವ ಪದವನ್ನು ಯಾವುದರ ಜೊತೆ ಕೂಡಿಸಬೇಕೆಂಬುದು ಅಭ್ಯಾಸದ ಮೇಲೆ ನಿಂತಿತ್ತು.

ಅದಕ್ಕೆ ನಕ್ಷೆಯ ದಾರಿಯನ್ನು 1952ರಲ್ಲಿ ಎಡ್ವರ್ಡ್ ವೀಚ್ ಕೊಟ್ಟ. ಅವನ ಮೂಲ ನಕ್ಷೆಯಲ್ಲಿ ಮನೆಗಳು ಎಣಿಕೆಯ ಸಹಜ ಕ್ರಮದಲ್ಲಿದ್ದವು: 00, 01, 10, 11. ಮರುವರ್ಷ ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೊ ಕೊನೆಯ ಎರಡನ್ನು ಅದಲುಬದಲು ಮಾಡಿದ. 01ರಿಂದ 10ಕ್ಕೆ ಹೋದರೆ ಎರಡು ಬಿಟ್ ಬದಲಾಗುತ್ತವೆ, 01ರಿಂದ 11ಕ್ಕೆ ಒಂದೇ. ನಕ್ಷೆಯ ಜೀವಾಳ XY + XY' = X ಎಂಬ ನಿಯಮ. ಅದು ನಡೆಯಬೇಕಾದರೆ ಎರಡು ಪದಗಳ ನಡುವೆ ಒಂದೇ ಚರ ಬದಲಾಗಬೇಕು. ಕಾರ್ನೊ ಕ್ರಮದಲ್ಲಿ ಪಕ್ಕದ ಮನೆ ಎಂದರೆ ಅಂಥ ಮನೆಯೇ. ಮೊದಲ ಮತ್ತು ಕೊನೆಯ ಕಂಬಸಾಲುಗಳೂ ಇದೇ ಕಾರಣಕ್ಕೆ ನೆರೆಹೊರೆ.

ಈಗ ಒಂದು ಲೆಕ್ಕ: F(A,B,C) = Σm(0,1,2,5,6,7).

ತಲೆಸಾಲನ್ನು ತಪ್ಪಾಗಿ 00, 01, 10, 11 ಎಂದು ಬರೆದವರಿಗೆ ಮೇಲಿನ ಸಾಲು 1 1 1 0, ಕೆಳಗಿನದು 0 1 1 1 ಎಂದು ಕಾಣುತ್ತದೆ. ನಡುವೆ ನಾಲ್ಕು ಒಂದುಗಳ ಸೊಗಸಾದ ಚೌಕ! ಆದರೆ ಅದರೊಳಗೆ A, B, C ಮೂರೂ ಬದಲಾಗುತ್ತವೆ, ಉಳಿಯುವ ಚರ ಒಂದೂ ಇಲ್ಲ. ಗುಂಪಿನಿಂದ ಪದವೇ ಹುಟ್ಟದಿದ್ದರೆ, ಉಳಿದ ಮನೆಗಳಲ್ಲಿ ಸೊನ್ನೆಯೂ ಇದ್ದರೆ, ತಲೆಸಾಲನ್ನು ಮತ್ತೆ ನೋಡಿ.

ಸರಿಯಾದ ಕ್ರಮದಲ್ಲಿ ಮೇಲೆ 1 1 0 1, ಕೆಳಗೆ 0 1 1 1. ಆರು ಒಂದುಗಳು ಉಂಗುರದ ಹಾಗೆ ಸುತ್ತಿಕೊಂಡಿವೆ. ಜೋಡಿ ಕಟ್ಟಲು ಎಲ್ಲಿಂದ ಶುರು ಮಾಡಿದಿರಿ ಎಂಬುದರ ಮೇಲೆ A'B' + BC' + AC ಬರಬಹುದು, ಇಲ್ಲವೇ A'C' + B'C + AB ಬರಬಹುದು. ಎರಡೂ ಸರಿ, ಎರಡೂ ಅಷ್ಟೇ ಚಿಕ್ಕವು. ನಿಮಗೆ ಮೊದಲನೆಯದು ಬಂದು, ಆಯ್ಕೆಗಳಲ್ಲಿ ಅದು ಇಲ್ಲದಿದ್ದರೆ ಗಾಬರಿಯಾಗಿ ಅದರಂತೆ ಕಾಣುವುದಕ್ಕೆ ಗುರುತು ಹಾಕುವುದೇ ಇಲ್ಲಿನ ದೊಡ್ಡ ಅಪಾಯ. ಟ್ರೂತ್ ಟೇಬಲ್ ಬೇಕಾಗುವುದು ಆಗಲೇ.

ಆಯ್ಕೆಗಳು ಹೀಗಿವೆ ಎಂದಿಟ್ಟುಕೊಳ್ಳಿ:

```
(1) A'B' + BC' + AB
(2) A'C' + B'C + AB
(3) A'B' + BC' + C
(4) A'B' + BC' + AC'
```

ಎಂಟೂ ಸಾಲುಗಳನ್ನು ನಾಲ್ಕು ಸಲ ಬರೆಯಬೇಕಿಲ್ಲ. F ಸೊನ್ನೆಯಾಗುವುದು 011 ಮತ್ತು 100ರಲ್ಲಿ ಮಾತ್ರ, ಅಲ್ಲಿಂದಲೇ ಶುರು ಮಾಡಿ. 011ರಲ್ಲಿ C = 1, ಹಾಗಾಗಿ (3) ಬಿತ್ತು. 100ರಲ್ಲಿ AC' = 1, ಆದ್ದರಿಂದ (4) ಬಿತ್ತು. ಆದರೆ (1) ಎರಡೂ ಕಡೆ ಸೊನ್ನೆ ಕೊಟ್ಟು ಪಾರಾಗುತ್ತದೆ, ಅನೇಕರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಒಂದು ಬರಬೇಕಾದ ಸಾಲುಗಳನ್ನೂ ನೋಡಿದರೆ 101ರಲ್ಲಿ ಅದರ ಮೂರೂ ಪದಗಳು ಸೊನ್ನೆ. ಉಳಿದ (2)ಕ್ಕೆ ಪೂರ್ತಿ ಟೇಬಲ್ ಹಾಕೋಣ:

```
A B C | F | A'C'  B'C  AB
0 0 0 | 1 |  1     0    0
0 0 1 | 1 |  0     1    0
0 1 0 | 1 |  1     0    0
0 1 1 | 0 |  0     0    0
1 0 0 | 0 |  0     0    0
1 0 1 | 1 |  0     1    0
1 1 0 | 1 |  0     0    1
1 1 1 | 1 |  0     0    1
```

ಪ್ರತಿ ಸಾಲಿನ ಮೂರು ಪದಗಳನ್ನು ಓರ್ ಮಾಡಿದರೆ F ಸಿಗುತ್ತದೆ.

ಒಂದು ಆಯ್ಕೆಯನ್ನು ಕೆಡವಲು ಒಂದು ಸಾಲು ಸಾಕು, ಒಪ್ಪಿಕೊಳ್ಳಲು ಎಲ್ಲ ಸಾಲುಗಳೂ ಬೇಕು. ಡೋಂಟ್ ಕೇರ್ ಇದ್ದರೆ ಆ ಸಾಲುಗಳನ್ನು ಹೋಲಿಕೆಯಿಂದ ಬಿಡಬೇಕು. ಅಲ್ಲಿ ಆಯ್ಕೆಯ ಬೆಲೆ ಏನೇ ಆಗಿರಲಿ, ತಪ್ಪಲ್ಲ.

ಟೇಬಲ್ ಹೇಳದ ಸಂಗತಿಯೊಂದಿದೆ. A'B' + BC' + AC + B'C ಕೂಡ ಎಂಟೂ ಸಾಲುಗಳಲ್ಲಿ F ಜೊತೆ ಹೊಂದುತ್ತದೆ, ಆದರೆ ಅದರ ಕೊನೆಯ ಪದ ಅನವಶ್ಯಕ. ಪ್ರಶ್ನೆ 'ಸಮಾನವಾದದ್ದು ಯಾವುದು' ಎಂದಿದ್ದರೆ ಇದು ಸರಿ, 'ಕನಿಷ್ಠ ರೂಪ ಯಾವುದು' ಎಂದಿದ್ದರೆ ತಪ್ಪು. ಗೇಟ್ ಪರೀಕ್ಷೆಯಲ್ಲಿ 2021ರಿಂದ ಒಂದಕ್ಕಿಂತ ಹೆಚ್ಚು ಸರಿ ಉತ್ತರಗಳಿರಬಹುದಾದ ಪ್ರಶ್ನೆಗಳೂ ಬರುತ್ತಿವೆ, ಅವಕ್ಕೆ ಭಾಗಶಃ ಅಂಕವಿಲ್ಲ. ಇಂಥ ಉಂಗುರದ ಫಂಕ್ಷನ್ ಅಲ್ಲಿ ಬಂದರೆ, ಮ್ಯಾಪಿನಿಂದ ಒಂದು ಉತ್ತರ ಸಿಕ್ಕಿತೆಂದು ನಿಲ್ಲದೆ ಪ್ರತಿ ಆಯ್ಕೆಯನ್ನೂ ಸಾಲುಸಾಲಾಗಿ ನೋಡಿ, ಆಮೇಲೆ ಪದಗಳನ್ನೂ ಎಣಿಸಬೇಕು.