ದಿಸ್ಕೂರ್ ಆಂದಿರೆಕ್ತ್: ಫ್ರೆಂಚಿನಲ್ಲಿ ‘ಅಂತ ಹೇಳಿದ’

ಕನ್ನಡದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಸುಲಭ. ‘ನಾಳೆ ಬರ್ತೀನಿ’ ಎಂದವನ ಮಾತಿಗೆ ‘ಅಂತ ಹೇಳಿದ’ ಅಂಟಿಸಿದರೆ ಮುಗಿಯಿತು, ‘ಬರ್ತೀನಿ’ ಹಾಗೇ ಉಳಿಯುತ್ತದೆ. ಫ್ರೆಂಚಿನಲ್ಲಿ ಹೀಗೆ ವರದಿಯಾದ ಮಾತಿಗೆ ‘ದಿಸ್ಕೂರ್ ಆಂದಿರೆಕ್ತ್’, ಅಂದರೆ ಪರೋಕ್ಷ ಮಾತು ಎಂದು ಹೆಸರು. ಅಲ್ಲಿ ‘ಹೇಳಿದ’ ಎಂಬುದು ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವೂ ಒಂದು ಮೆಟ್ಟಿಲು ಹಿಂದೆ ಇಳಿಯುತ್ತದೆ. ‘ಹೇಳುತ್ತಾನೆ’ ಎಂದು ವರ್ತಮಾನದಲ್ಲಿದ್ದರೆ ಕಾಲ ಅಲುಗುವುದಿಲ್ಲ.

ಪೋಲ್ ಎಂಬವನು ಹೀಗೆ ಹೇಳಿದ ಎಂದುಕೊಳ್ಳಿ: ‘ಝ ಸ್ಯುಇ ಮಲಾದ್, ಝೆ ವ್ಯು ಲ ಮೆದ್‌ಸ್ಯಾಂ, ಝ ವ್ಯಾಂದ್ರೆ ದಮ್ಯಾಂ.’ ಹುಷಾರಿಲ್ಲ, ಡಾಕ್ಟರನ್ನು ನೋಡಿದೆ, ನಾಳೆ ಬರ್ತೀನಿ. ಒಂದು ವಾರದ ನಂತರ ಅದನ್ನು ದಾಟಿಸಿದರೆ: ‘ಪೋಲ್ ಆ ದಿ ಕಿಲ್ ಎತೆ ಮಲಾದ್, ಕಿಲ್ ಅವೆ ವ್ಯು ಲ ಮೆದ್‌ಸ್ಯಾಂ ಎ ಕಿಲ್ ವ್ಯಾಂದ್ರೆ ಲ ಲಾಂದ್‌ಮ್ಯಾಂ.’ ವರ್ತಮಾನದ ‘ಸ್ಯುಇ’ ಆಂಪರ್ಫೆ ಎಂಬ ಭೂತಕಾಲ ರೂಪದ ‘ಎತೆ’ ಆಯಿತು. ‘ನೋಡಿದೆ’ ಎಂಬುದು ‘ನೋಡಿದ್ದ’ ಆಯಿತು. ಇದು ಪ್ಲ್ಯು ಕ ಪರ್ಫೆ. ‘ನಾಳೆ’ ಹೋಗಿ ‘ಮರುದಿನ’ ಬಂತು. ನಮ್ಮ ‘ಅಂತ’ದ ಕೆಲಸ ಮಾಡುವ ‘ಕ’ (ಇಲ್ಲಿ ‘ಅವನು’ ಎಂಬ ‘ಇಲ್’ ಜೊತೆ ಸೇರಿ ‘ಕಿಲ್’) ಪ್ರತಿ ತುಣುಕಿಗೂ ಮತ್ತೆ ಮತ್ತೆ ಬಂದದ್ದನ್ನು ಗಮನಿಸಿ. ಕೊನೆಯಲ್ಲೊಂದು ‘ಅಂತ’ ಹಾಕಿ ರೂಢಿಯಾದ ನಮಗೆ ಮರೆತುಹೋಗುವುದು ಇದೇ.

ಆದರೆ ‘ವ್ಯಾಂದ್ರೆ’ ಬದಲಾದಂತೆ ಕಾಣುವುದಿಲ್ಲ ಅಲ್ಲವೇ? ಬದಲಾಗಿದೆ. ಮೊದಲಿನದು ಭವಿಷ್ಯತ್ತು, ಎರಡನೆಯದು ಕೊಂದಿಸ್ಯೊನೆಲ್. ಬರವಣಿಗೆಯಲ್ಲಿ ಬಾಲ ಬೇರೆ. ಕಿವಿಗೆ ಮಾತ್ರ ಎಷ್ಟೋ ಫ್ರೆಂಚರ ಬಾಯಲ್ಲೂ ಎರಡೂ ಒಂದೇ. ‘ಕೊಂದಿಸ್ಯೊನೆಲ್ ಅಂದರೆ ಷರತ್ತು, ಇಲ್ಲಿ ಷರತ್ತೆಲ್ಲಿದೆ?’ ಎಂಬ ಗೊಂದಲ ಹುಟ್ಟುವುದು ಹೆಸರಿನಿಂದ. ಉತ್ತರ ಅದರ ಹುಟ್ಟಿನಲ್ಲಿದೆ. ಫ್ರೆಂಚ್ ಭವಿಷ್ಯತ್ತಿನ ಬಾಲ ಅವ್ವಾರ್ ಎಂಬ ‘ಇರು/ಹೊಂದು’ ಕ್ರಿಯಾಪದದ ವರ್ತಮಾನದಿಂದ ಬಂದದ್ದು. ಕೊಂದಿಸ್ಯೊನೆಲ್ ಬಾಲ ಅದೇ ಕ್ರಿಯಾಪದದ ಭೂತಕಾಲದಿಂದ. ನಮ್ಮ ‘ಬರುವವನಿದ್ದೇನೆ’, ‘ಬರುವವನಿದ್ದ’ ಜೋಡಿ ನೆನಪಿಸಿಕೊಳ್ಳಿ: ‘ಮರುದಿನ ಬರುವವನಿದ್ದ’ ಎಂದರೆ ಅಂದಿನ ಲೆಕ್ಕದ ಭವಿಷ್ಯತ್ತು. ನಿಂತದ್ದು ಭೂತದಲ್ಲಿ, ನೋಡಿದ್ದು ಮುಂದಕ್ಕೆ.

ಎಲ್ಲವೂ ಇಳಿಯುವುದಿಲ್ಲ. ಆಂಪರ್ಫೆ, ಪ್ಲ್ಯು ಕ ಪರ್ಫೆ, ಕೊಂದಿಸ್ಯೊನೆಲ್ ಇದ್ದಲ್ಲೇ ಇರುತ್ತವೆ. ಭೂಮಿ ಸುತ್ತುತ್ತದೆ ಎಂಬಂಥ ಎಂದೂ ನಿಜವಾದ ಸಂಗತಿ ವರ್ತಮಾನದಲ್ಲೇ ಉಳಿಯಬಹುದು. ಹೇಳಿದ ದಿನವೇ ದಾಟಿಸುತ್ತಿದ್ದರೆ ‘ದಮ್ಯಾಂ’ ಕೂಡ ಉಳಿಯುತ್ತದೆ, ನಾಳೆ ಇನ್ನೂ ನಾಳೆಯೇ ತಾನೆ.

ಕಲಿಯುವವರು ಹೆಚ್ಚು ಎಡವುವುದು ಪ್ರಶ್ನೆಗಳಲ್ಲಿ. ‘ತು ವ್ಯಾಂದ್ರಾ?’ (ಬರ್ತೀಯಾ, ಮುಂದೆ?) ಎಂಬುದಕ್ಕೆ ‘ಇಲ್ ಮಾ ದಮಾಂದೆ ಸಿ ಝ ವ್ಯಾಂದ್ರೆ’, ಬರ್ತೀನಾ ಎಂದು ಕೇಳಿದ. ‘ಸಿ’ ಆದ ಮೇಲೆ ಕೊಂದಿಸ್ಯೊನೆಲ್ ಬರಬಾರದು ಎಂದು ಉರುಹೊಡೆದವರು ಇಲ್ಲಿ ‘ಸಿ ಝ ವನೆ’ ಎಂದು ತಿದ್ದಿಬಿಡುತ್ತಾರೆ. ಆ ನಿಯಮ ‘ಬಂದರೆ’ ಎಂಬರ್ಥದ ‘ಸಿ’ಗೆ, ಇದು ‘ಬರ್ತೀನೋ ಇಲ್ಲವೋ’ ಎಂಬ ‘ಸಿ’. ತಿದ್ದಿದ ವಾಕ್ಯ ವ್ಯಾಕರಣದಲ್ಲಿ ತಪ್ಪಲ್ಲ, ಆದರೆ ಅದು ‘ತು ವ್ಯಾಂ?’, ಅಂದರೆ ‘ಬರ್ತಾ ಇದೀಯಾ?’ ಎಂಬ ಬೇರೆ ಪ್ರಶ್ನೆಯ ವರದಿಯಾಗುತ್ತದೆ.