ಆ ಅಣ್ಣ-ತಂಗಿ ನೇಪಾಳದವರಲ್ಲ

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾಯಿತು. ಅದಾದ ಕೆಲವೇ ದಿನಗಳಲ್ಲಿ ಒಂದು ಫೋಟೊ ಎಲ್ಲೆಡೆ ಹರಿದಾಡಿತು. ಪುಟ್ಟ ಹುಡುಗನೊಬ್ಬ ಇನ್ನೂ ಪುಟ್ಟ ಹುಡುಗಿಯನ್ನು ತಬ್ಬಿ ಕೂತಿದ್ದಾನೆ. ಭೂಕಂಪದಲ್ಲಿ ತಂಗಿಯನ್ನು ಕಾಯುತ್ತಿರುವ ಅಣ್ಣ ಅಂತ ಒಕ್ಕಣೆ. ನೋಡಿದವರ ಕರುಳು ಚುರ್ ಅನ್ನದೆ ಇರುತ್ತಾ?

ಇಂಥ ಫೋಟೊ ಕೈಗೆ ಬಂದರೆ ನಾನು ಒಕ್ಕಣೆಯನ್ನು ಪಕ್ಕಕ್ಕಿಟ್ಟು ಚಿತ್ರವನ್ನೇ ಹುಡುಕಾಟಕ್ಕೆ ಹಾಕುತ್ತೇನೆ. ನೀವೂ ಮಾಡಬಹುದು. ವಾಟ್ಸ್ಯಾಪ್‌ನಲ್ಲಿ ಬಂದದ್ದನ್ನು ಗ್ಯಾಲರಿಗೆ ಸೇವ್ ಮಾಡಿ, ಗೂಗಲ್ ಆ್ಯಪ್‌ನ ಕ್ಯಾಮೆರಾ ಗುರುತನ್ನು ಒತ್ತಿ ಆ ಫೋಟೊ ಆರಿಸಿ. ಆಗ ತೆರೆಯುವ ಗೂಗಲ್ ಲೆನ್ಸ್ ಮೊದಲು ತೋರಿಸುವುದು ಬಹುಮಟ್ಟಿಗೆ ಹೋಲಿಕೆಯ ಚಿತ್ರಗಳನ್ನು. ಅಲ್ಲೇ ನಿಲ್ಲಬೇಡಿ, Exact matches ಕಡೆಗೆ ಹೋಗಿ. ನಿಮ್ಮ ಫೋಟೊವೇ ಬೇರೆಲ್ಲಿ ಇದೆ ಅಂತ ಗೊತ್ತಾಗುವುದು ಅಲ್ಲಿ.

ವೈರಲ್ ಫೋಟೊ ಆದರೆ ನೂರಾರು ಪುಟಗಳು ಬರುತ್ತವೆ. ಎಲ್ಲದರಲ್ಲೂ ಅದೇ ಕಥೆ ಇರಬಹುದು. ನೂರು ಜನ ಹೇಳಿದ್ದಾರೆ ಅನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ. ನೋಡಬೇಕಾದದ್ದು ತಾರೀಖು. tineye.com ತಾಣದಲ್ಲಿ ಫೋಟೊ ಹಾಕಿ Oldest ಆರಿಸಿದರೆ ಹಳೆಯವು ಮೇಲೆ ಬರುತ್ತವೆ. ಒಂದು ಮಾತು: ಅದು ತೋರಿಸುವುದು ಆ ತಾಣದ ಯಂತ್ರ ಚಿತ್ರವನ್ನು ಮೊದಲು ಕಂಡ ದಿನ. ಫೋಟೊ ತೆಗೆದ ದಿನ ಅದಕ್ಕಿಂತ ಎಷ್ಟೋ ಹಿಂದಿನದಾಗಿರಬಹುದು.

ಭೂಕಂಪಕ್ಕಿಂತ ಹಿಂದಿನ ಒಂದೇ ಒಂದು ಪ್ರತಿ ಸಿಕ್ಕರೂ ನೇಪಾಳದ ಕಥೆ ಬಿದ್ದುಹೋಯಿತು. ಆದರೆ ಫೋಟೊ ಎಲ್ಲಿಯದು ಅನ್ನುವುದು ಬೇರೆ ಪ್ರಶ್ನೆ. ಅನೇಕರು ಎಡವುವುದು ಇಲ್ಲೇ. ಇದೇ ಚಿತ್ರ ಬರ್ಮಾದ ಅನಾಥ ಮಕ್ಕಳು, ಸಿರಿಯಾ ಯುದ್ಧದ ಸಂತ್ರಸ್ತರು ಎಂಬ ಹೆಸರಿನಲ್ಲೂ ಓಡಾಡಿತ್ತು. ಹಳೆಯದು ಅಂತ ಸಿರಿಯಾದ ಪ್ರತಿಯನ್ನು ನಂಬಿದ್ದರೆ ಒಂದು ಸುಳ್ಳು ಬಿಟ್ಟು ಇನ್ನೊಂದನ್ನು ಹಿಡಿದಂತಾಗುತ್ತಿತ್ತು. ಹಾಗಾಗಿ ತೆಗೆದವರ ಹೆಸರು, ಊರು, ತಿಂಗಳು ಇರುವ ಪುಟವನ್ನು ಹುಡುಕಬೇಕು. ಗಾತ್ರದಲ್ಲಿ ದೊಡ್ಡದಾಗಿರುವ, ಅಂಚು ಕತ್ತರಿಸದ ಪ್ರತಿ ಮೂಲಕ್ಕೆ ಹತ್ತಿರ ಇರುವುದು ಹೆಚ್ಚು.

ಕೊನೆಗೆ ಫೋಟೊ ತೆಗೆದವರೇ ಬಿಬಿಸಿಗೆ ವಿವರ ಹೇಳಿದರು. ಅವರು ವಿಯೆಟ್ನಾಂನ ಛಾಯಾಗ್ರಾಹಕ ನಾ ಸನ್ ನ್ಯೂಯೆನ್. 2007ರ ಅಕ್ಟೋಬರ್‌ನಲ್ಲಿ ಹಾ ಜಾಂಗ್ ಪ್ರಾಂತ್ಯದ ಒಂದು ಹಳ್ಳಿ. ಅಪ್ಪ-ಅಮ್ಮ ಹೊಲದಲ್ಲಿದ್ದರು, ಮಕ್ಕಳು ಮನೆ ಮುಂದೆ ಆಡುತ್ತಿದ್ದರು. ಅಪರಿಚಿತನನ್ನು ಕಂಡು ಹುಡುಗಿ ಅತ್ತಳು, ಹುಡುಗ ಸಮಾಧಾನ ಮಾಡಿದ. ಅಷ್ಟೇ!

ಹುಡುಕಿದರೂ ಏನೂ ಸಿಗದಿದ್ದರೆ ಫೋಟೊ ಹೊಸದು ಅಂದುಕೊಳ್ಳಬೇಡಿ. ವಾಟ್ಸ್ಯಾಪ್ ಗುಂಪುಗಳ ಒಳಗೆ ಈ ಯಂತ್ರಗಳು ಇಣುಕಲಾರವು. ಚಿತ್ರದ ಮೇಲೆ ಬರೆದ ಅಕ್ಷರ, ಸುತ್ತಲಿನ ಬಣ್ಣದ ಪಟ್ಟಿ ಕತ್ತರಿಸಿ ಮತ್ತೆ ಹಾಕಿ. ಎಡಬಲ ತಿರುಗಿಸಿ ಹಂಚಿರುವುದೂ ಉಂಟು. ಅಂಗಡಿ ಬೋರ್ಡಿನ ಅಕ್ಷರ ಕನ್ನಡಿಯಲ್ಲಿ ಕಂಡಂತಿದ್ದರೆ ನೀವೂ ತಿರುಗಿಸಿ ಹುಡುಕಿ.